ಇಂಗ್ಲಿಷ್ ಮೂಲಕ ರಷ್ಯನ್ ಕಲಿಸುವ ಆ್ಯಪ್: ವಿಭಕ್ತಿಗೆ ಪೂರ್ತಿ ಅಂಕ, ಪದಗಳ ಸಾಲಿಗೆ ಸೊನ್ನೆ

ಆ್ಯಪ್‌ನ ಹೆಸರು ಬೇಡ. ಮೇಲೆ ಒಂದು ಇಂಗ್ಲಿಷ್ ವಾಕ್ಯ, ಕೆಳಗೆ ಚೆಲ್ಲಾಪಿಲ್ಲಿಯಾಗಿ ರಷ್ಯನ್ ಪದಗಳು, ಒಂದೊಂದಾಗಿ ಒತ್ತಿ ಜೋಡಿಸಬೇಕು. ಈ ಬಗೆಯ ಆ್ಯಪ್ ಯಾವುದಾದರೂ ನಿಮ್ಮ ಫೋನಿನಲ್ಲಿದ್ದರೆ ಈ ವಿಮರ್ಶೆ ಅದಕ್ಕೂ ಹೆಚ್ಚುಕಡಿಮೆ ಸಲ್ಲುತ್ತದೆ. ಪಾಠಗಳೆಷ್ಟು, ಪದಗಳೆಷ್ಟು ಎನ್ನುವುದು ಆ್ಯಪ್ ಸ್ಟೋರಿನಲ್ಲೇ ಇದೆ. ಲಿಪಿ, ವಿಭಕ್ತಿ, ಕ್ರಿಯಾಪದದ ರೂಪಗಳನ್ನು ಅದು ಅಚ್ಚುಕಟ್ಟಾಗಿ ಕಲಿಸುತ್ತದೆ. ನನ್ನ ತಕರಾರು ಒಂದೇ: ಅದು ಹಸಿರು ಗುರುತು ಕೊಡುವ ಎಷ್ಟೋ ವಾಕ್ಯಗಳನ್ನು ರಷ್ಯನ್ನರು ಆ ಸಂದರ್ಭದಲ್ಲಿ ಹೇಳುವುದೇ ಇಲ್ಲ.

(ಕೆಳಗಿನ ರಷ್ಯನ್ ವಾಕ್ಯಗಳನ್ನು ಅವರ ಕಾಗುಣಿತದಂತೆ ಬರೆದಿದ್ದೇನೆ. ಉಚ್ಚಾರದಲ್ಲಿ ಒತ್ತಿಲ್ಲದ 'ಒ' ಬಹುತೇಕ 'ಅ' ಆಗುತ್ತದೆ.)

ಒಂದು ಉದಾಹರಣೆ. ಪರದೆಯ ಮೇಲೆ 'ಆ್ಯನ್ ಆಕ್ಸಿಡೆಂಟ್ ಹ್ಯಾಪನ್ಡ್ ಆನ್ ದ ಬ್ರಿಡ್ಜ್ ಯೆಸ್ಟರ್‌ಡೇ' ಎಂದು ಬರುತ್ತದೆ. ಇಂಗ್ಲಿಷಿನ ಬೆನ್ನು ಹಿಡಿದು ಜೋಡಿಸಿದರೆ 'ಅವಾರಿಯಾ ಪ್ರೊಯಿಜೊಶ್ಲಾ ನಾ ಮೊಸ್ತು ವ್ಚೆರಾ' ಆಗುತ್ತದೆ. ಕ್ರಿಯಾಪದ ಸ್ತ್ರೀಲಿಂಗದಲ್ಲಿದೆ, ಸೇತುವೆಗೆ ಸರಿಯಾದ ವಿಭಕ್ತಿ ಹತ್ತಿದೆ, ಒಂದಕ್ಷರವೂ ತಪ್ಪಿಲ್ಲ. ಆ್ಯಪ್ ಖುಷಿಯಿಂದ ಗಂಟೆ ಬಾರಿಸುತ್ತದೆ. ಆದರೆ ರಷ್ಯನ್ ಕಿವಿಗೆ ಇದು ಕೇಳಿಸುವುದು 'ಸೇತುವೆ ಮೇಲೆ ಆ ಅಪಘಾತ ಆಗಿದ್ದು ನಿನ್ನೆ' ಎಂಬಂತೆ. ಅಪಘಾತದ ವಿಷಯ ಮೊದಲೇ ಗೊತ್ತಿತ್ತು, ಯಾವಾಗ ಎಂದು ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. ಹೊಸ ಸುದ್ದಿಯಾಗಿ ಹೇಳುವುದಾದರೆ ಅವರು ಹೇಳುವುದು: 'ವ್ಚೆರಾ ನಾ ಮೊಸ್ತು ಪ್ರೊಯಿಜೊಶ್ಲಾ ಅವಾರಿಯಾ.' ನಿನ್ನೆ, ಸೇತುವೆ ಮೇಲೆ, ಆಯಿತು, ಅಪಘಾತ. ಕರ್ತೃಪದ ಕಟ್ಟಕಡೆಗೆ.

ಇಂಗ್ಲಿಷಿನಲ್ಲಿ ಕರ್ತೃಪದದ ಜಾಗ ಹೆಚ್ಚುಕಡಿಮೆ ಖಾಯಂ. ಅದನ್ನು ಅಲ್ಲಾಡಿಸಿದರೆ ಯಾರು ಯಾರಿಗೆ ಏನು ಮಾಡಿದರು ಎನ್ನುವುದೇ ಕೆಡುತ್ತದೆ. ಹಾಗಾಗಿ ಇದು ಹೊಸ ವಿಷಯ, ಇದು ಗೊತ್ತಿರುವ ವಿಷಯ ಎಂದು ತಿಳಿಸಲು ಅದು 'ಎ' ಮತ್ತು 'ದ'ಗಳನ್ನು, ದನಿಯ ಒತ್ತನ್ನು, ಕರ್ಮಣಿ ಪ್ರಯೋಗವನ್ನು ನೆಚ್ಚಿಕೊಂಡಿದೆ. ರಷ್ಯನ್ನಿನಲ್ಲಿ ಆ ಪುಟ್ಟ ಪದಗಳೇ ಇಲ್ಲ. ಯಾರು ಕರ್ತೃ, ಯಾವುದು ಕರ್ಮ ಎನ್ನುವುದನ್ನು ವಿಭಕ್ತಿ ನೋಡಿಕೊಳ್ಳುವುದರಿಂದ ಪದಗಳ ಜಾಗ ಬೇರೆ ಕೆಲಸಕ್ಕೆ ಬಿಡುವಾಗಿದೆ. ಕೇಳುವವರಿಗೆ ಗೊತ್ತಿರುವುದು ಮೊದಲು, ನೀವು ಹೇಳಹೊರಟ ಹೊಸದು ಕೊನೆಗೆ. ಮೊದಲಿನದು 'ತೆಮಾ', ಕೊನೆಯದು 'ರೆಮಾ'. ವಾಕ್ಯವನ್ನು ಹೀಗೆ ಸೀಳಿ ನೋಡುವ ಕ್ರಮವನ್ನು ಬೆಳೆಸಿದವರಲ್ಲಿ ಪ್ರಾಗ್‌ನ ಭಾಷಾವಿಜ್ಞಾನಿ ವಿಲೆಮ್ ಮಥೇಸಿಯಸ್ ಮುಖ್ಯರು. ಆ್ಯಪ್‌ನ ಟಿಪ್ಪಣಿಗಳಲ್ಲಿ ಮಾತ್ರ 'ರಷ್ಯನ್ನಿನಲ್ಲಿ ಪದಗಳ ಕ್ರಮ ಮುಕ್ತ' ಎಂಬ ಒಂದೇ ಸಾಲಿದೆ. ಯಾವ ಕ್ರಮದಲ್ಲಿಟ್ಟರೂ ನಡೆಯುತ್ತದೆ ಎಂದು ಕಲಿಯುವವರು ತಿಳಿಯದೆ ಇನ್ನೇನು ಮಾಡಬೇಕು?

ಕನ್ನಡದವರಿಗೆ ಹೊಟ್ಟೆ ಉರಿಯುವುದು ಇಲ್ಲೇ. 'ಈ ಮನೆ ಕಟ್ಟಿದ್ದು ನಮ್ಮಜ್ಜ' ಎನ್ನುವುದು ನಮಗೆ ಸಲೀಸು. ರಷ್ಯನ್ನರಿಗೂ ಸಲೀಸು: 'ಎತೊತ್ ದೊಮ್ ಪೊಸ್ತ್ರೊಯಿಲ್ ಮೊಯ್ ದೆದ್.' ಈ ಮನೆಯನ್ನು, ಕಟ್ಟಿದ, ನನ್ನ ಅಜ್ಜ. ಮನೆ ಕಣ್ಣೆದುರಿಗಿದೆ, ಆದ್ದರಿಂದ ಮೊದಲು. ಕಟ್ಟಿದವರು ಯಾರೆಂಬುದೇ ಸುದ್ದಿ, ಆದ್ದರಿಂದ ಕೊನೆಗೆ. ಇಂಗ್ಲಿಷಿನಲ್ಲಿ ಮನೆಯನ್ನು ಮುಂದಕ್ಕೆ ತರಲು ಕರ್ಮಣಿಯ ಸಹಾಯ ಬೇಕು, ಆ್ಯಪ್ ಅದನ್ನೂ ಹಾಗೇ ಇಳಿಸಿ 'ಬಿಲ್ ಪೊಸ್ತ್ರೊಯೆನ್ ಮೊಯಿಮ್ ದೆದೊಮ್' ಎನ್ನಿಸುತ್ತದೆ. ವ್ಯಾಕರಣ ಸರಿಯೇ, ಆದರೆ ಮನೆಮಾತಿನಲ್ಲಿ 'ಈ ಮನೆಯು ನನ್ನ ಅಜ್ಜನಿಂದ ಕಟ್ಟಲ್ಪಟ್ಟಿತು' ಎಂದಷ್ಟೇ ಸಹಜ. ನಮಗೆ ಗೊತ್ತಿರುವ ಸುಲಭದ ದಾರಿ ಬಿಟ್ಟು ಇಂಗ್ಲಿಷನ್ನು ಸುತ್ತಿಕೊಂಡು ಹೋಗಲು ನಾವು ದುಡ್ಡು ಕೊಡುತ್ತಿದ್ದೇವೆ.

ಹಾಗೆಂದು ಕನ್ನಡದ ಸಾಲನ್ನೂ ಇದ್ದ ಹಾಗೆ ಎತ್ತಿಡುವಂತಿಲ್ಲ. ನಮ್ಮ ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಕೂರುತ್ತದೆ, ಹೊಸ ವಿಷಯ ಅದರ ಹಿಂದಿನ ಜಾಗದಲ್ಲಿರುತ್ತದೆ. 'ನಾನು ನಿನ್ನೆ ಪುಸ್ತಕ ಓದಿದೆ' ಎಂಬುದನ್ನು ಅದೇ ಸಾಲಿನಲ್ಲಿ 'ಯಾ ವ್ಚೆರಾ ಕ್ನಿಗು ಚಿತಾಲ್' ಎಂದರೆ, ಪುಸ್ತಕದ ಮೇಲೆ ದನಿ ಒತ್ತಿದಾಗ ಆಡುಮಾತಿನಲ್ಲಿ ನಡೆಯುತ್ತದೆ. ಬರಹದಲ್ಲಿ ದನಿ ಇರುವುದಿಲ್ಲ, ಓದುವವರು ಒತ್ತನ್ನು ಕೊನೆಯ ಪದಕ್ಕೆ ಕೊಟ್ಟುಬಿಡುತ್ತಾರೆ. ಅಲ್ಲಿ 'ವ್ಚೆರಾ ಯಾ ಚಿತಾಲ್ ಕ್ನಿಗು' ಕ್ಷೇಮ.

ಇಷ್ಟೆಲ್ಲ ಬೈದರೂ ಆ್ಯಪ್ ಅಳಿಸಿಲ್ಲ. ಅದಕ್ಕೆ ಕಾರಣ ಸಂಭಾಷಣೆ ಕೇಳಿಸುವ ವಿಭಾಗ. ಇಲ್ಲಿ ಯಂತ್ರದ ದನಿ ಇಲ್ಲ, ಇಬ್ಬರು ಮನುಷ್ಯರು ಮಾತಾಡುತ್ತಾರೆ. ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಪ್ರಶ್ನೆ ಇರುವುದರಿಂದ ಯಾವುದು ಹಳೆಯದು, ಯಾವುದು ಹೊಸದು ಎಂದು ತಾನಾಗಿ ತಿಳಿಯುತ್ತದೆ. 'ತಿ ವ್ಚೆರಾ ಬಿಲ್ ವ್ ತೆಆತ್ರೆ?' ಎಂಬ ಪ್ರಶ್ನೆ ಕೇಳಿ ನೋಡಿ. ದನಿ 'ವ್ಚೆರಾ' ಮೇಲೆ ಜಿಗಿದರೆ ನಾಟಕಕ್ಕೆ ಹೋಗಿದ್ದು ನಿನ್ನೆಯಾ ಎಂದರ್ಥ. 'ತೆಆತ್ರೆ' ಮೇಲೆ ಜಿಗಿದರೆ ನಿನ್ನೆ ಹೋಗಿದ್ದು ನಾಟಕಕ್ಕಾ ಎಂದರ್ಥ. ಪದಗಳ ಸಾಲು ಕದಲಿಲ್ಲ, ಒತ್ತು ಮಾತ್ರ ಕದಲಿತು. ಭಾಷಾವಿಜ್ಞಾನಿ ಯೆಲೆನಾ ಬ್ರಿಜ್ಗುನೊವಾ ರಷ್ಯನ್ ದನಿಯ ಏರಿಳಿತವನ್ನು 7 ಮಾದರಿಗಳಾಗಿ ವಿಂಗಡಿಸಿದ್ದಾರೆ. ಈ ಜಿಗಿತ ಅದರಲ್ಲಿ ಮೂರನೆಯದು. ಬೆಳಗಿನ ಕಾಫಿ ಆರುವಷ್ಟರಲ್ಲಿ ಇಂಥ ಒಂದು ತುಣುಕು ಮುಗಿಯುತ್ತದೆ, ಮತ್ತೆ ಹಾಕಿ ಕೇಳಿದರೂ ಬೇಸರವಿಲ್ಲ.

ಪದ ಜೋಡಿಸುವ ಅಭ್ಯಾಸವನ್ನೂ ಸ್ವಲ್ಪ ತಿದ್ದಿಕೊಂಡು ಬಳಸಬಹುದು. ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ, ದಿನಕ್ಕೆ ಐದು ವಾಕ್ಯ ಸಾಕು. ಆ್ಯಪ್ ಒಪ್ಪಿದ ವಾಕ್ಯ ಬರೆದುಕೊಂಡು, ಅದು ಯಾವ ಪ್ರಶ್ನೆಗೆ ಉತ್ತರ ಎಂದು ಕೆಳಗೆ ಕನ್ನಡದಲ್ಲಿ ಬರೆಯಿರಿ. ಆಮೇಲೆ ಕೊನೆಯ ಪದವನ್ನು ಮುಂದಕ್ಕೆ ತಂದು, ದನಿಯನ್ನು ಈಗಿನ ಕೊನೆಯ ಪದದ ಮೇಲೆ ಇಳಿಸಿ ಓದಿ. ಪ್ರಶ್ನೆ ಬದಲಾಗಿರುತ್ತದೆ. 'ಒನ್ ಗೊವೊರಿತ್ ಪೊ-ರುಸ್ಕಿ ಹೊರೊಶೊ' ಎಂಬುದನ್ನು ಆ್ಯಪ್ ಒಪ್ಪುತ್ತದೆ. ಅವನು, ಮಾತಾಡುತ್ತಾನೆ, ರಷ್ಯನ್, ಚೆನ್ನಾಗಿ. ಅದಕ್ಕೆ ಹೊಂದುವ ಪ್ರಶ್ನೆ 'ಅವನ ರಷ್ಯನ್ ಮಾತು ಹೇಗಿದೆ?' ಎಂಬುದು. ಕೇಳಿದವರಿಗೆ 'ಮಾತು ಚೆನ್ನಾಗಿದೆ, ಬರಹ ಮಾತ್ರ...' ಎಂದು ಇನ್ನೇನೋ ಬರಲಿದೆ ಅನ್ನಿಸಿದರೂ ಆಶ್ಚರ್ಯವಿಲ್ಲ. ಯಾರೂ ಏನೂ ಕೇಳದಿರುವಾಗ ಹೇಳುವ ಸಾದಾ ಮಾತಿನಲ್ಲಿ 'ಹೊರೊಶೊ' ಕ್ರಿಯಾಪದಕ್ಕಿಂತ ಮೊದಲು ಬರಬೇಕು: 'ಒನ್ ಹೊರೊಶೊ ಗೊವೊರಿತ್ ಪೊ-ರುಸ್ಕಿ.' 'ಚೆನ್ನಾಗಿ', 'ಬೇಗ' ಎಂಬಂಥ ರೀತಿವಾಚಕಗಳ ಸಾಮಾನ್ಯ ಜಾಗ ಅದೇ.

ವರ್ಷದ ಚಂದಾ ಕಟ್ಟಬೇಕೇ? ಬರೀ ಪದ ಜೋಡಿಸುವುದಕ್ಕಾದರೆ ಬೇಡ, ಪುಕ್ಕಟೆ ಆವೃತ್ತಿ ಮತ್ತು ನೋಟ್‌ಬುಕ್ ಸಾಕು. ಸಂಭಾಷಣೆಯ ವಿಭಾಗ ಚಂದಾದೊಳಗೆ ಬರುವುದಾದರೆ, ರಿಯಾಯಿತಿ ಇರುವಾಗ ತೆಗೆದುಕೊಳ್ಳಿ. ಬೇರೆ ಆ್ಯಪ್ ಆರಿಸುವವರು ಟ್ರಯಲ್ ಅವಧಿಯಲ್ಲೇ ಒಂದು ಜೋಡಿ ಪರೀಕ್ಷಿಸಿ: 'ಕ್ನಿಗಾ ನಾ ಸ್ತೊಲೆ' ಎಂದರೆ ಆ ಪುಸ್ತಕ ಮೇಜಿನ ಮೇಲಿದೆ, 'ನಾ ಸ್ತೊಲೆ ಕ್ನಿಗಾ' ಎಂದರೆ ಮೇಜಿನ ಮೇಲೊಂದು ಪುಸ್ತಕವಿದೆ. ಎರಡಕ್ಕೂ ಒಂದೇ ಇಂಗ್ಲಿಷ್ ವಾಕ್ಯ ತೋರಿಸುವ ಆ್ಯಪ್‌ಗೆ ಕಾರ್ಡ್ ನಂಬರ್ ಕೊಡಬೇಡಿ.