ಲೆವೆಲ್ 2 ಕಾರೋ, ಲೆವೆಲ್ 3 ಕಾರೋ?

ಕಾರು ಎಷ್ಟರ ಮಟ್ಟಿಗೆ ತಾನಾಗಿಯೇ ಓಡುತ್ತದೆ ಎಂಬುದನ್ನು ಲೆವೆಲ್‌ಗಳಲ್ಲಿ ಹೇಳುತ್ತಾರೆ. ಲೆವೆಲ್ 1ರಲ್ಲಿ ಕಾರು ವೇಗ ಅಥವಾ ಸ್ಟೀರಿಂಗ್, ಎರಡರಲ್ಲಿ ಒಂದನ್ನು ಮಾತ್ರ ನೋಡಿಕೊಳ್ಳುತ್ತದೆ. ಅದರಲ್ಲಿ ಗೊಂದಲವಿಲ್ಲ. ಜನ ಎಡವುವುದು 2 ಮತ್ತು 3ರ ನಡುವೆ.

ಲೆವೆಲ್ 2 ಎರಡನ್ನೂ ಮಾಡುತ್ತದೆ, ಆದರೆ ರಸ್ತೆ ಕಾಯುವ ಕೆಲಸ ಪೂರ್ತಿ ನಿಮ್ಮದೇ. ಮುಂದೆ ಲಾರಿಯೊಂದು ಕೆಟ್ಟು ನಿಂತಿದೆ ಅಂದುಕೊಳ್ಳಿ. ಹೈವೇ ವೇಗದಲ್ಲಿ ಇಂಥ ನಿಂತ ವಾಹನವನ್ನು ಹಲವು ಕಾರುಗಳು ಗುರುತಿಸದೇ ಹೋಗಬಹುದು. ಎಚ್ಚರಿಕೆಯ ಸದ್ದೂ ಬರದಿರಬಹುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಫೋನ್ ನೋಡಿದರೆ 80 ಮೀಟರ್ ದಾಟಿರುತ್ತೀರಿ!

ಲೆವೆಲ್ 3ರಲ್ಲಿ ಅದೇ ಲಾರಿಯನ್ನು ನೋಡಿ ನಿಭಾಯಿಸುವುದು ಕಾರಿನ ಹೊಣೆ. ನೀವು ರಸ್ತೆಯಿಂದ ಕಣ್ಣು ತೆಗೆಯಬಹುದು, ನಿದ್ದೆ ಮಾತ್ರ ಮಾಡುವಂತಿಲ್ಲ. ಕಾರು ಕರೆದಾಗ ಸ್ಟೀರಿಂಗ್ ಹಿಡಿಯಲೇಬೇಕು. ವಿಶ್ವಸಂಸ್ಥೆಯ ಆರ್157 ನಿಯಮದಲ್ಲಿ ಇದಕ್ಕೆ ಸಾಮಾನ್ಯವಾಗಿ ಕನಿಷ್ಠ 10 ಸೆಕೆಂಡ್ ಸಮಯವಿದೆ. ಆದರೆ ಲೆವೆಲ್ 3 ಎಲ್ಲೆಡೆ ಓಡುವುದಿಲ್ಲ. 2022ರಲ್ಲಿ ಜರ್ಮನಿಯಲ್ಲಿ ಬಂದ ಮರ್ಸಿಡಿಸ್‌ನ ವ್ಯವಸ್ಥೆಗೆ ಮೊದಲಿದ್ದ ಮಿತಿ ಗಂಟೆಗೆ 60 ಕಿ.ಮೀ., ಅದೂ ಹೈವೇ ಟ್ರಾಫಿಕ್‌ನಲ್ಲಿ.

ಲೆವೆಲ್ 4 ತನ್ನ ಗಡಿಯೊಳಗೆ ನಿಮ್ಮನ್ನು ಕೇಳುವುದೇ ಇಲ್ಲ, ತೊಂದರೆಯಾದರೆ ತಾನೇ ಸುರಕ್ಷಿತವಾಗಿ ನಿಲ್ಲುತ್ತದೆ. ಎಲ್ಲೆಡೆ ಓಡುವ 5 ಇನ್ನೂ ಕಾಗದದ ಮೇಲಿದೆ.

ನನ್ನನ್ನು ಕೇಳಿದರೆ, ದಿನಾ ನಿಧಾನ ಟ್ರಾಫಿಕ್‌ನ ಹೈವೇ ಇದ್ದರಷ್ಟೇ 3ಕ್ಕೆ ಜಾಸ್ತಿ ದುಡ್ಡು ಕೊಡಿ. ಇಲ್ಲದಿದ್ದರೆ ನಿಮ್ಮ ಕಣ್ಣು ರಸ್ತೆಯ ಮೇಲಿದೆಯೇ ಎಂದು ಕ್ಯಾಮೆರಾದಿಂದ ಗಮನಿಸುವ ಒಳ್ಳೆಯ 2 ಸಾಕು.