ಶೇರು ಕೊಳ್ಳುವುದೋ, ಶಾರ್ಟ್ ಸೆಲ್ಲಿಂಗೋ: ನಷ್ಟಕ್ಕೆ ಮಿತಿ ಎಲ್ಲಿದೆ?

‘ಶಾರ್ಟ್ ಮಾಡಿದವರಿಗೆ ಪೆಟ್ಟು’ ಎಂದು ಮಾರುಕಟ್ಟೆ ಸುದ್ದಿಯಲ್ಲಿ ಬರುತ್ತದೆ. ತಮ್ಮದಲ್ಲದ ಶೇರನ್ನು ಬ್ರೋಕರ್ ಮೂಲಕ ಎರವಲು ಪಡೆದು ಮಾರಿದವರು ಇವರು. ಬೆಲೆ ಇಳಿದ ಮೇಲೆ ಅಗ್ಗಕ್ಕೆ ಕೊಂಡು ಹಿಂದಿರುಗಿಸಿ, ವ್ಯತ್ಯಾಸವನ್ನು ಉಳಿಸಿಕೊಳ್ಳುವುದು ಅವರ ಲೆಕ್ಕಾಚಾರ.

100ರ ಬೆಲೆಯಲ್ಲಿ ಹತ್ತು ಶೇರು ಕೊಂಡವನು 1,000 ಹಾಕಿರುತ್ತಾನೆ. ಕಂಪನಿ ಮುಳುಗಿದರೂ ಹೋಗುವುದು ಅಷ್ಟೇ. ಸೊನ್ನೆಗಿಂತ ಕೆಳಗೆ ಬೆಲೆ ಇಳಿಯದು.

ಅದೇ ಹತ್ತನ್ನು ಶಾರ್ಟ್ ಮಾಡಿದವನು ಭದ್ರತೆಯಾಗಿ, ಅಂದರೆ ಮಾರ್ಜಿನ್ ಆಗಿ, 500 ಇಟ್ಟಿದ್ದಾನೆ ಎನ್ನೋಣ. ಬೆಲೆ 180ಕ್ಕೆ ಏರಿತು. 1,000ಕ್ಕೆ ಮಾರಿದ್ದನ್ನು ಈಗ 1,800 ಕೊಟ್ಟು ಕೊಳ್ಳಬೇಕು. ನಷ್ಟ 800: ಇಟ್ಟ 500 ಪೂರ್ತಿ ಹೋಗಿ, ಮೇಲೆ 300 ಸಾಲ. ಎರವಲಿನ ಶುಲ್ಕ ಬೇರೆ. ಏರುವ ಬೆಲೆಗೆ ಛಾವಣಿಯಿಲ್ಲ, ಆದರೆ ಗರಿಷ್ಠ ಲಾಭ ಮಾತ್ರ 1,000.

ನಷ್ಟ ಬೆಳೆದಂತೆ ಬ್ರೋಕರ್ ಹೆಚ್ಚು ಮಾರ್ಜಿನ್ ಕೇಳುತ್ತಾನೆ, ಕೊಡದಿದ್ದರೆ ತಾನೇ ಶೇರು ಕೊಂಡು ವ್ಯವಹಾರ ಮುಗಿಸುತ್ತಾನೆ. ರಾತ್ರೋರಾತ್ರಿ ಬೆಲೆ ಜಿಗಿದರೆ ಅದಕ್ಕೂ ಸಮಯವಿರದು. ಶಾರ್ಟ್ ಮಾಡಿದವರೆಲ್ಲ ಒಟ್ಟಿಗೆ ಕೊಳ್ಳಲು ಧಾವಿಸಿದರೆ ಬೆಲೆ ಇನ್ನೂ ಏರುತ್ತದೆ; ಇದೇ ‘ಶಾರ್ಟ್ ಸ್ಕ್ವೀಝ್’. 2008ರ ಅಕ್ಟೋಬರ್‌ನಲ್ಲಿ, ಫೋಕ್ಸ್‌ವ್ಯಾಗನ್‌ನಲ್ಲಿ ತನ್ನ ಪಾಲು ಎಷ್ಟೆಂದು ಪೋರ್ಷೆ ಬಹಿರಂಗಪಡಿಸಿದ ಮೇಲೆ, ಫೋಕ್ಸ್‌ವ್ಯಾಗನ್ ಶೇರು ಎರಡೇ ದಿನಗಳಲ್ಲಿ 1,000 ಯೂರೋ ದಾಟಿತ್ತು.

ಬೆಲೆ ಇಳಿಯುತ್ತದೆಂದು ನಂಬಿದವರಿಗೆ ನನ್ನ ಆಯ್ಕೆ ಪುಟ್ ಆಪ್ಷನ್, ಅಂದರೆ ನಿಗದಿತ ಬೆಲೆಗೆ ಶೇರು ಮಾರುವ ಹಕ್ಕನ್ನು ಒಂದು ಅವಧಿಗೆ ಕೊಳ್ಳುವುದು. ಅವಧಿ ಮುಗಿದು, ಆ ಹಕ್ಕಿಗೆ ಕೊಟ್ಟ ಬೆಲೆಯಾದ ಪ್ರೀಮಿಯಂ ಪೂರ್ತಿ ಹೋಗಬಹುದು, ಆದರೆ ಅದಕ್ಕಿಂತ ಹೆಚ್ಚು ಹೋಗದು.