ಹತ್ತು ಮನೆಯ ಮೂರು ಆಟಗಳು: ಯಾವುದು ಕೂಡಿಸುವುದನ್ನು ಕಲಿಸುತ್ತದೆ, ಯಾವುದು ಬರೀ ಎಣಿಸುವುದನ್ನು?

ಟೆನ್ ಫ್ರೇಮ್ ಅಂದರೆ ಹೆಚ್ಚೇನಲ್ಲ. ಎರಡು ಸಾಲು, ಸಾಲಿಗೆ ಐದು ಮನೆ, ಒಟ್ಟು ಹತ್ತು ಮನೆಯ ಚೌಕಟ್ಟು. ಇಪ್ಪತ್ತರೊಳಗಿನ ಲೆಕ್ಕಕ್ಕೆ ಇಂಥವು ಎರಡು ಬೇಕು. ಇದರ ಮೇಲೆ ಆಡಿಸುವ ಆಟಗಳು ಹತ್ತಾರು ಇದ್ದರೂ ಮುಖ್ಯವಾಗಿ ಮೂರೇ ಬಗೆ: ತುಂಬಿಸುವುದು, ಹತ್ತು ದಾಟಿಸುವುದು, ಕಳೆಯುವುದು. ಯುಕೆಜಿ ಮತ್ತು ಒಂದನೇ ತರಗತಿಯ ಮಕ್ಕಳ ಜೊತೆ ಮೂರನ್ನೂ ಆಡಿಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಟ್ಟಿದ್ದೇವೆ. ಅಳೆದದ್ದು ಒಂದೇ ಕೋಲಿನಿಂದ: ಒಂದೊಂದಾಗಿ ಎಣಿಸಿಕೊಂಡೇ ಆಟ ಗೆಲ್ಲಬಹುದಾದರೆ ಮಗು ಒಂದೊಂದಾಗಿಯೇ ಎಣಿಸುತ್ತದೆ. ಚೌಕಟ್ಟು ಎಷ್ಟು ಚೆನ್ನಾಗಿದ್ದರೂ ಅದು ತಪ್ಪುವುದಿಲ್ಲ.

ಮೊದಲು ಸಾಮಾನು. ಎ4 ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ, ಮೂರೂವರೆ ಸೆಂ.ಮೀ. ಚೌಕದ ಮನೆಗಳನ್ನು ಎಳೆದರೆ ಒಂದರ ಕೆಳಗೊಂದು ಎರಡು ಚೌಕಟ್ಟು ಆರಾಮಾಗಿ ಕೂರುತ್ತವೆ. ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ, ಇಲ್ಲದಿದ್ದರೆ ಮಗುವಿಗೆ ಅದು ಇಪ್ಪತ್ತು ಮನೆಯ ಒಂದೇ ಪಟ್ಟಿಯಾಗಿ ಕಾಣುತ್ತದೆ, ‘ಹತ್ತು ತುಂಬಿತು’ ಅನ್ನುವ ಗಡಿಯೇ ಮಾಯವಾಗುತ್ತದೆ. ಕಾಯಿಗಳಿಗೆ ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ ಎಲ್ಲಕ್ಕಿಂತ ಒಳ್ಳೆಯದು. ಒಂದು ಕಡೆ ಕಂದು, ಇನ್ನೊಂದು ಕಡೆ ಬಿಳಿ. ಇದರ ಉಪಯೋಗ ಕಳೆಯುವ ಆಟದಲ್ಲಿ ಗೊತ್ತಾಗುತ್ತದೆ. ಯುಕೆಜಿಯವರಿಗೆ ಮಾತ್ರ ಬೀಜ ಕೊಡಬೇಡಿ, ಮೂಗಿಗೋ ಕಿವಿಗೋ ಹೋಗುವ ಗಾತ್ರ ಅದು. ಅವರಿಗೆ ನೀರಿನ ಬಾಟಲಿಯ ಮುಚ್ಚಳ ಸಾಕು, ಅದನ್ನೂ ಮಗುಚಿ ಇಡಬಹುದು. ಬಟಾಣಿ, ಕಡಲೆ ಬೇಡವೇ ಬೇಡ. ಅರ್ಧ ಹೊತ್ತು ಮೇಜಿನ ಕೆಳಗೆ ಹುಡುಕುವುದರಲ್ಲೇ ಹೋಗುತ್ತದೆ.

ತುಂಬಿಸುವ ಆಟ

ಎಲ್ಲರೂ ಮೊದಲು ಆಡಿಸುವುದು ಇದನ್ನೇ. ದಾಳ ಹಾಕು, ಬಿದ್ದಷ್ಟು ಕಾಯಿ ಇಡು, ಇಪ್ಪತ್ತು ಮನೆ ಮೊದಲು ತುಂಬಿಸಿದವರು ಗೆದ್ದರು. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ, ಖುಷಿಯೂ ಆಗುತ್ತದೆ. ಆದರೆ ಹತ್ತಿರದಿಂದ ನೋಡಿದರೆ ಇಲ್ಲಿ ಕೂಡಿಸುವುದು ನಡೆಯುವುದೇ ಇಲ್ಲ. 5 ಬಿದ್ದರೆ ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದು ಐದು ಮನೆಗೆ ಕಾಯಿ ಇಡುತ್ತಾರೆ. ಆಗಲೇ 8 ಇತ್ತೇ, ಈಗ 13 ಆಯಿತೇ, ಯಾರೂ ನೋಡುವುದಿಲ್ಲ. ನೋಡುವ ಅಗತ್ಯವೂ ಇಲ್ಲ.

ಇದಕ್ಕೆ ಒಂದು ನಿಯಮ ಸೇರಿಸಿದರೆ ಆಟ ಬದಲಾಗುತ್ತದೆ. ದಾಳ ಹಾಕುವ ಮೊದಲೇ ಮಗು ‘ಏಳು ಇದೆ, ಮೂರು ಖಾಲಿ’ ಎಂದು ಹೇಳಬೇಕು. ತಪ್ಪು ಹೇಳಿದರೆ ಸರದಿ ಹೋಯಿತು. ಇಷ್ಟಾದರೆ ಹತ್ತರ ಜೋಡಿಗಳು (7ಕ್ಕೆ 3, 6ಕ್ಕೆ 4) ತಾವಾಗಿಯೇ ಬಾಯಿಗೆ ಬರುತ್ತವೆ, ಏಕೆಂದರೆ ಖಾಲಿ ಮನೆಗಳು ಕಣ್ಣೆದುರೇ ಇರುತ್ತವೆ. ಇಷ್ಟಕ್ಕೆ ಒಂದೇ ಚೌಕಟ್ಟು ಸಾಕು. ಯುಕೆಜಿಗೆ ಎರಡನೆಯದನ್ನು ತರಲೇಬೇಡಿ.

ಇನ್ನೊಂದು ತೊಡಕು ಕೊನೆಯಲ್ಲಿ. ‘ಸರಿಯಾಗಿ ಅಷ್ಟೇ ಬೀಳಬೇಕು’ ಎಂಬ ನಿಯಮವಿದ್ದರೆ, ಒಂದೇ ಮನೆ ಖಾಲಿ ಉಳಿದಾಗ 1 ಬೀಳಲು ಸರಾಸರಿ ಆರು ಸರದಿ ಕಾಯಬೇಕು. ಐದು ವರ್ಷದ ಮಗುವಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಹೆಚ್ಚು ಬಿದ್ದರೂ ತುಂಬಿದ ಹಾಗೆ ಎಂದು ಬಿಟ್ಟುಬಿಡಿ. ದಾಳದ ಬದಲು ಚೌಕಾಬಾರದ ನಾಲ್ಕು ಕವಡೆಯನ್ನೂ ಬಳಸಬಹುದು. ಗರ ಹೆಚ್ಚಾಗಿ 1, 2, 3 ಬೀಳುವುದರಿಂದ ಸಣ್ಣ ಮಕ್ಕಳಿಗೆ ಹದವಾಗಿರುತ್ತದೆ. ನಾಲ್ಕೂ ಬೋರಲು ಬಿದ್ದರೆ 8 ಎಂಬುದನ್ನು ಮಾತ್ರ ಇಲ್ಲಿ ಬಿಟ್ಟು ‘ಏನೂ ಇಲ್ಲ’ ಎಂದು ಲೆಕ್ಕ ಹಿಡಿಯಿರಿ. ಸೊನ್ನೆಗೂ ಒಂದು ಅನುಭವವಾಗುತ್ತದೆ.

ಹತ್ತು ದಾಟಿಸುವ ಆಟ

ಒಂದನೇ ತರಗತಿಗೆ ನಮ್ಮ ಆಯ್ಕೆ ಇದು. ಎರಡು ಕಟ್ಟು ಚೀಟಿ ಬೇಕು. ಒಂದರಲ್ಲಿ ಬರೀ 8 ಮತ್ತು 9, ಆರಾರು ಚೀಟಿ. ಇನ್ನೊಂದರಲ್ಲಿ 3ರಿಂದ 6ರವರೆಗೆ, ಮೂರು ಮೂರು. ಮೊದಲ ಕಟ್ಟಿನ ಚೀಟಿಯಲ್ಲಿ ಇರುವಷ್ಟು ಕಾಯಿ ಮೇಲಿನ ಚೌಕಟ್ಟಿಗೆ, ಎರಡನೆಯದರಷ್ಟು ಕೆಳಗಿನದಕ್ಕೆ. ಆಮೇಲೆ ಕಾಯಿ ತುಂಬಿದ ಬಟ್ಟಲನ್ನು ಕೈಗೆ ಸಿಗದ ಹಾಗೆ ದೂರ ಸರಿಸಬೇಕು. ಈ ಕೊನೆಯ ಮಾತು ಬಹಳ ಮುಖ್ಯ, ಕಾರಣ ಮುಂದಿದೆ.

8 ಮತ್ತು 5 ಬಂತು ಅನ್ನಿ. ಮೇಲೆ ಎರಡು ಮನೆ ಖಾಲಿ. ಕೆಳಗಿನ ಐದರಲ್ಲಿ ಎರಡು ಕಾಯಿ ಮೇಲಕ್ಕೆ ಹೋಗುತ್ತವೆ. ಮೇಲೆ ಹತ್ತು, ಕೆಳಗೆ ಮೂರು. ಮಗು ‘ಹತ್ತು, ಮೂರು, ಹದಿಮೂರು’ ಎಂದು ಹೇಳಿ ಬರೆಯುತ್ತದೆ. ಕನ್ನಡದ ಸಂಖ್ಯೆಯ ಹೆಸರುಗಳು ಇಲ್ಲಿ ತುಂಬ ಸಹಾಯ ಮಾಡುತ್ತವೆ. ಹದಿಮೂರು, ಹದಿನಾಲ್ಕು, ಹದಿನೈದು, ಎಲ್ಲದರಲ್ಲೂ ಹತ್ತು ಮೊದಲು, ಬಿಡಿ ಆಮೇಲೆ. ಚೌಕಟ್ಟಿನಲ್ಲಿ ಕಾಣುವುದೂ ಅದೇ ಕ್ರಮ, 13 ಎಂದು ಬರೆಯುವುದೂ ಅದೇ ಕ್ರಮ. ‘ಥರ್ಟೀನ್’ ಎಂದು ಕಲಿತ ಮಗು ಮೊದಲು ಮೂರನ್ನು ಕೇಳಿಸಿಕೊಂಡು 31 ಎಂದು ಬರೆಯುವುದು ಇದೇ ಕಾರಣಕ್ಕೆ. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಈ ಆಟವನ್ನು ಒಂದಷ್ಟು ದಿನ ಕನ್ನಡದಲ್ಲಿ ಆಡಿಸಿದರೆ ನಷ್ಟವಿಲ್ಲ.

ತುಂಬಿಸುವ ಆಟಕ್ಕೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಎಂದರೆ ಇಲ್ಲಿ ಮಗು ತಪ್ಪಿದರೆ ಎಲ್ಲಿ ತಪ್ಪಿತು ಎಂದು ಉತ್ತರವೇ ಹೇಳುತ್ತದೆ. 8ಕ್ಕೆ 5 ಕೂಡಿಸಿ 15 ಎಂದರೆ, ಮೇಲಿನ ಎರಡು ಮನೆಗೆ ಬಟ್ಟಲಿನಿಂದ ಹೊಸ ಕಾಯಿ ತೆಗೆದು ಇಟ್ಟಿದೆ, ಕೆಳಗಿನ ಐದು ಹಾಗೇ ಉಳಿದಿದೆ. ಬಟ್ಟಲು ದೂರವಿದ್ದರೆ ಈ ತಪ್ಪು ಆಗುವ ಹಾಗೇ ಇಲ್ಲ. 12 ಎಂದರೆ ಕಾಯಿ ಮುಟ್ಟದೆ, ಬೆರಳಿನಲ್ಲಿ ‘ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು’ ಎಂದು ಎಂಟನ್ನೂ ಸೇರಿಸಿ ಎಣಿಸಿದೆ. ಮೊದಲನೆಯದು ಆಟದ ದೋಷ, ಎರಡನೆಯದು ಎಣಿಕೆಯ ದೋಷ. ಎರಡಕ್ಕೂ ‘ಸರಿಯಾಗಿ ಮಾಡು ಪುಟ್ಟ’ ಎಂಬ ಒಂದೇ ಮದ್ದು ಕೊಟ್ಟರೆ ಎರಡೂ ವಾಸಿಯಾಗುವುದಿಲ್ಲ.

ಆಟಕ್ಕೆ ಸ್ವಲ್ಪ ಉಪ್ಪುಕಾರ ಬೇಕೆಂದರೆ ಎರಡನೇ ವಾರದಿಂದ ಚೀಟಿಗಳನ್ನು ಯಾವ ಚೌಕಟ್ಟಿಗೆ ಬೇಕಾದರೂ ಇಡಲು ಬಿಡಿ, ಕಡಿಮೆ ಕಾಯಿ ಸರಿಸಿದವರಿಗೆ ಅಂಕ ಕೊಡಿ. 3 ಮೇಲೆ, 9 ಕೆಳಗೆ ಬಂದರೆ ಮೇಲಿನದನ್ನು ತುಂಬಿಸಲು ಏಳು ಕಾಯಿ ಸರಿಸಬೇಕು. ಕೆಳಗಿನದನ್ನು ತುಂಬಿಸಲು ಒಂದೇ ಸಾಕು. ‘ದೊಡ್ಡದನ್ನು ಹಿಡಿ, ಚಿಕ್ಕದನ್ನು ಒಡೆ’ ಎಂಬುದನ್ನು ಯಾರೂ ಪಾಠ ಮಾಡಬೇಕಾಗಿಲ್ಲ, ಎರಡು ಸಲ ಸೋತ ಮಗು ಮೂರನೇ ಸಲ ತಾನೇ ಕಂಡುಕೊಳ್ಳುತ್ತದೆ.

7ನ್ನು ಸ್ವಲ್ಪ ತಡವಾಗಿ ಮೊದಲ ಕಟ್ಟಿಗೆ ಸೇರಿಸಿ. 6ಕ್ಕೆ 7 ಬಂದಾಗ ಮಾತ್ರ ಹತ್ತು ದಾಟಿಸಲೇಬೇಕೆಂದು ಹಟ ಹಿಡಿಯಬೇಡಿ. ಎರಡೂ ಚೌಕಟ್ಟಿನಲ್ಲಿ ಒಂದೊಂದು ಸಾಲು ಪೂರ್ತಿ ತುಂಬಿರುತ್ತದೆ, ಮಗು ‘ಐದು ಐದು ಹತ್ತು, ಒಂದು ಎರಡು ಮೂರು’ ಎಂದು ಏನೂ ಸರಿಸದೆ 13 ಹೇಳಿಬಿಡುತ್ತದೆ. ಅದು ನಮ್ಮ ದಾರಿಗಿಂತ ಚೆಂದದ ದಾರಿ. ಆದರೆ ಇದು ಕಾಣಬೇಕಾದರೆ ಕಾಯಿಗಳನ್ನು ಯಾವಾಗಲೂ ಮೇಲಿನ ಸಾಲಿನ ಎಡದಿಂದ ಇಡುತ್ತಾ ಬರಬೇಕು, ಐದಾದ ಮೇಲೆಯೇ ಎರಡನೇ ಸಾಲು. ಕಂಡಕಂಡ ಮನೆಗೆ ಇಟ್ಟರೆ ಏಳು ಏಳಾಗಿ ಕಾಣುವುದಿಲ್ಲ, ಮತ್ತೆ ಎಣಿಸಬೇಕಾಗುತ್ತದೆ.

ಕಳೆಯುವುದು: ಎತ್ತುವುದೋ, ಮಗುಚುವುದೋ

ಸಾಮಾನ್ಯವಾಗಿ ಕಳೆಯುವ ಆಟ ಎಂದರೆ ಇಪ್ಪತ್ತು ಕಾಯಿ ಇಟ್ಟು ದಾಳ ಬಿದ್ದಷ್ಟು ಎತ್ತುತ್ತಾ ಖಾಲಿ ಮಾಡುವುದು. ಇದು ತುಂಬಿಸುವ ಆಟದ್ದೇ ಉಲ್ಟಾ, ಅದರ ರೋಗವೂ ಇದಕ್ಕಿದೆ. ಜೊತೆಗೆ ಇನ್ನೊಂದು. ಎತ್ತಿದ ಮೇಲೆ ಚೌಕಟ್ಟಿನಲ್ಲಿ 8 ಮಾತ್ರ ಉಳಿಯುತ್ತದೆ. ಅದು 13ರಿಂದ 5 ಹೋಗಿ ಉಳಿದ 8 ಎಂಬುದಕ್ಕೆ ಯಾವ ಗುರುತೂ ಇಲ್ಲ. ಮಗು ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ.

ಮಗುಚುವ ಆಟದಲ್ಲಿ ಏನನ್ನೂ ಎತ್ತುವುದಿಲ್ಲ. 13 ಕಾಯಿಯನ್ನು ಕಂದು ಮುಖ ಮೇಲಾಗಿ ಇಡಿ: ಮೇಲೆ ಹತ್ತು, ಕೆಳಗೆ ಮೂರು. 5 ಕಳೆಯಬೇಕೆಂದರೆ ಐದನ್ನು ಬಿಳಿಗೆ ಮಗುಚಬೇಕು. 13, 5, 8 ಮೂರೂ ಒಟ್ಟಿಗೆ ಕಣ್ಣ ಮುಂದೆ ಇರುತ್ತವೆ. ಬಿಳಿಯನ್ನು ವಾಪಸ್ ಕಂದು ಮಾಡಿದರೆ 8ಕ್ಕೆ 5 ಸೇರಿ 13 ಆಗುವುದನ್ನೂ ಅಲ್ಲೇ ತೋರಿಸಬಹುದು. ಒಂದೇ ತೊಂದರೆ, ಮೊದಮೊದಲು ಕೆಲವರು ಉಳಿದದ್ದು ಎಷ್ಟು ಎಂದರೆ ಬಿಳಿಯನ್ನು ನೋಡಿ ‘ಐದು’ ಎನ್ನುತ್ತಾರೆ. ಆಟಕ್ಕೆ ಮುಂಚೆ ‘ಬಿಳಿ ಮಲಗಿದೆ, ಕಂದು ಎದ್ದಿದೆ’ ಎಂದು ಒಪ್ಪಂದ ಮಾಡಿಕೊಂಡು ‘ಎದ್ದಿರೋರು ಎಷ್ಟು ಜನ?’ ಎಂದು ಕೇಳಿದರೆ ಅದು ನಿಲ್ಲುತ್ತದೆ.

ಎಲ್ಲಿಂದ ಮಗುಚಬೇಕು ಎಂಬುದರಲ್ಲಿ ಎರಡು ದಾರಿ ಇವೆ, ಎರಡನ್ನೂ ಆಡಿಸಬೇಕು. ಒಂದು, ಕೆಳಗಿನ ಮೂರನ್ನು ಮೊದಲು ಮಗುಚಿ, ಇನ್ನೂ ಎರಡು ಬೇಕಲ್ಲ ಎಂದು ಮೇಲಿನ ಕೊನೆಯ ಎರಡನ್ನು ಮಗುಚುವುದು. ಇನ್ನೊಂದು, ಕೆಳಗಿನದನ್ನು ಮುಟ್ಟದೆ ಮೇಲಿನ ಹತ್ತರಿಂದಲೇ ಒಂದು ಸಾಲು ಪೂರ್ತಿ ಮಗುಚಿ, ಉಳಿದ ಐದಕ್ಕೆ ಮೂರು ಸೇರಿಸುವುದು. 12ರಲ್ಲಿ 3 ಕಳೆಯಲು ಮೊದಲ ದಾರಿಯೇ ಹಗುರ: ಎರಡು ಹೋಯಿತು, ಇನ್ನೊಂದು ಹೋಯಿತು, 9. ಎರಡನೇ ದಾರಿಯಲ್ಲಿ 7ಕ್ಕೆ 2 ಕೂಡಿಸುವ ಹೊಸ ಕೆಲಸ ತಲೆಗೆ ಬರುತ್ತದೆ. 13ರಲ್ಲಿ 9 ಕಳೆಯುವಾಗ ಇದು ಮಗುಚಿಕೊಳ್ಳುತ್ತದೆ. ಹತ್ತರಲ್ಲಿ ಒಂಬತ್ತು ಮಲಗಿದರೆ ಒಂದು ಎದ್ದಿದೆ, ಕೆಳಗಿನ ಮೂರು ಸೇರಿ 4. ಹಾಗಾಗಿ 8, 9 ಕಳೆಯುವ ಚೀಟಿಗಳನ್ನು ಒಂದು ದಿನ, 3, 4, 5ರದನ್ನು ಇನ್ನೊಂದು ದಿನ ಆಡಿಸಿ, ಎರಡನ್ನೂ ಬೆರೆಸುವುದು ಆಮೇಲೆ.

ಇಲ್ಲೂ ಉತ್ತರ ನೋಡಿ ತಪ್ಪು ಹಿಡಿಯಬಹುದು. 13ರಲ್ಲಿ 5 ಕಳೆದು 9 ಎಂದರೆ 13ರಿಂದಲೇ ಹಿಂದಕ್ಕೆ ಎಣಿಸಿದೆ. 5 ಎಂದರೆ ಮೇಲಿನ ಸಾಲನ್ನು ಮಗುಚಿ, ಕೆಳಗಿನ ಮೂರನ್ನು ಮರೆತಿದೆ. 12 ಎಂದರೆ ಚೌಕಟ್ಟನ್ನೇ ಬಿಟ್ಟು, ಕಾಗದದ ಮೇಲೆ 5ರಲ್ಲಿ 3 ಹೋದರೆ 2 ಎಂದು ಅಂಕಿಗಳನ್ನು ತಿರುಗಿಸಿಕೊಂಡಿದೆ. ಕಾಯಿ ಹಿಡಿದು ಆಡುವ ಮಗುವಿನಿಂದ ಈ 12 ಬರುವುದಿಲ್ಲ. ಬಂದರೆ ಕಾಗದದ ಲೆಕ್ಕವನ್ನು ಬೇಗ ಶುರು ಮಾಡಿದ್ದೀರಿ ಎಂದರ್ಥ.

ಚೀಟಿಯ ಮೇಲೆ ಚುಕ್ಕಿ ಬರೆದು ಎರಡು ಕ್ಷಣ ತೋರಿಸಿ ಮುಚ್ಚುವ ಆಟವೂ ಒಂದಿದೆ. ಐದು ನಿಮಿಷದ ಬಿಡುವಿಗೆ ಚೆನ್ನ. ಆದರೆ ಅದು ಮೊದಲೇ ಗೊತ್ತಿರುವುದನ್ನು ಚುರುಕು ಮಾಡುತ್ತದೆ, ಹೊಸದನ್ನು ಕಲಿಸುವುದಿಲ್ಲ.

ಕಾಯಿಗಳನ್ನು ಯಾವಾಗ ಬಿಡಿಸಬೇಕು ಎಂಬುದಕ್ಕೆ ಕ್ಯಾಲೆಂಡರ್ ನೋಡಬೇಡಿ, ಕೈ ನೋಡಿ. 9 ಮತ್ತು 4ರ ಚೀಟಿ ಬಿದ್ದಾಗ ಕಾಯಿ ಸರಿಸುವ ಮೊದಲೇ ‘ಹದಿಮೂರು’ ಎಂದು ಹೇಳಿ ಆಮೇಲೆ ಸುಮ್ಮನೆ ನಿಯಮಕ್ಕಾಗಿ ಸರಿಸತೊಡಗಿದರೆ, ಮಾರನೇ ದಿನದಿಂದ ಖಾಲಿ ಚೌಕಟ್ಟನ್ನು ಮಾತ್ರ ಇಡಿ. ಕಣ್ಣು ಆ ಖಾಲಿ ಮನೆಗಳ ಮೇಲೆ ಓಡಾಡುವುದು ಕಾಣುತ್ತದೆ. ಹಾಗಲ್ಲದೆ ಬೆರಳು ಮೇಜಿನ ಕೆಳಗೆ ಹೋಗಿ ಅಲ್ಲಾಡತೊಡಗಿದರೆ ಕಾಯಿಗಳನ್ನು ಮತ್ತೆ ಕೊಡಿ.